ಏಣಿಯೊಳಗೆ ಏಣಿಯನ್ನು ಹುಡುಕುವುದು: ಮಾಧ್ಯಮಕದ ಮೊದಲ ಪಾಠ

ಮಾಧ್ಯಮಕ ದರ್ಶನದ ಶೂನ್ಯತೆಯನ್ನೂ ಎರಡು ಸತ್ಯಗಳ ವಿಚಾರವನ್ನೂ ಬೌದ್ಧ ತತ್ತ್ವಶಾಸ್ತ್ರಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಹೇಗೆ ತಿಳಿಸಿಕೊಡಬೇಕು ಎಂಬ ವಿಷಯವನ್ನು ತಾವು ನನಗೆ ಒಪ್ಪಿಸಿದ್ದೀರಿ. ಇಡೀ ದರ್ಶನವನ್ನು ಒಂದು ಗಂಟೆಯಲ್ಲಿ ಹೇಳಲು ಹೊರಟರೆ ಹೆಸರುಗಳ ಪಟ್ಟಿಯಷ್ಟೇ ಉಳಿಯುತ್ತದೆ. ಆದ್ದರಿಂದ ಈ ದರ್ಶನದ ಆದ್ಯ ಆಚಾರ್ಯ ನಾಗಾರ್ಜುನನ ಮೂಲಮಧ್ಯಮಕಕಾರಿಕೆಯ 27 ಅಧ್ಯಾಯಗಳ ಪೈಕಿ ಒಂದನ್ನು ಮಾತ್ರ, ಆರ್ಯಸತ್ಯಗಳನ್ನು ಪರೀಕ್ಷಿಸುವ 24ನೆಯ ಅಧ್ಯಾಯವನ್ನು, ಇಟ್ಟುಕೊಂಡು ಮಾತನಾಡುತ್ತೇನೆ. ಗ್ರಂಥದ ಕ್ರಮವನ್ನು ಬಿಟ್ಟು ಹೀಗೆ ಕೊನೆಯ ಭಾಗಕ್ಕೆ ಹಾರುವುದಕ್ಕೆ ಕಾರಣವಿದೆ. ಹೊಸ ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವ ಆಕ್ಷೇಪವನ್ನೇ ಈ ಅಧ್ಯಾಯವು ಮೊದಲ ಆರು ಕಾರಿಕೆಗಳಲ್ಲಿ, ಅಂದರೆ ಶ್ಲೋಕಗಳಲ್ಲಿ, ಪೂರ್ವಪಕ್ಷವಾಗಿ, ಎದುರಾಳಿಯ ಮಾತಾಗಿ ನಿಲ್ಲಿಸುತ್ತದೆ. ಅದನ್ನು ಓದಿದಾಗ ವಿದ್ಯಾರ್ಥಿಗೆ ತನ್ನ ಸಂಶಯಕ್ಕೆ ಗ್ರಂಥದೊಳಗೇ ಗೌರವದ ಸ್ಥಾನವಿದೆ ಎಂದು ಗೊತ್ತಾಗುತ್ತದೆ.

ಆ ಆಕ್ಷೇಪ ಹೀಗಿದೆ. ಎಲ್ಲವೂ ಶೂನ್ಯವಾದರೆ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ. ಹುಟ್ಟು ಅಳಿವುಗಳೇ ಇಲ್ಲದಿದ್ದರೆ ದುಃಖವಿಲ್ಲ, ದುಃಖದ ಕಾರಣವಿಲ್ಲ, ನಿರೋಧವಿಲ್ಲ, ನಿರೋಧಕ್ಕೆ ಒಯ್ಯುವ ಮಾರ್ಗವೂ ಇಲ್ಲ. ನಾಲ್ಕು ಆರ್ಯಸತ್ಯಗಳು ಹೋದ ಮೇಲೆ ಧರ್ಮ, ಸಂಘ, ಬುದ್ಧ ಈ ಮೂರೂ ನಿಲ್ಲುವುದಿಲ್ಲ. ಪಾಪಪುಣ್ಯಗಳ ಫಲವೂ ಲೋಕದ ಸಮಸ್ತ ವ್ಯವಹಾರವೂ ಕುಸಿಯುತ್ತವೆ. ನಾನು ಈ ಪಾಠವನ್ನು ಹೇಳಲು ಆರಂಭಿಸಿದ ಕಾಲದಲ್ಲಿ, ಆಗಷ್ಟೇ ತಾಯಿಯನ್ನು ಕಳೆದುಕೊಂಡಿದ್ದ ವಿದ್ಯಾರ್ಥಿನಿಯೊಬ್ಬಳು ತರಗತಿ ಮುಗಿದ ಮೇಲೆ ಬಂದು, "ಹಾಗಾದರೆ ನನ್ನ ದುಃಖ ಸುಳ್ಳು ಎಂದಾಯಿತೇ ಸರ್?" ಎಂದು ಕೇಳಿದಳು. ನಾನು ಅಂದು ಶೂನ್ಯ ಎಂಬ ಪದದಿಂದಲೇ ಪಾಠವನ್ನು ಆರಂಭಿಸಿ, ಯಾವುದರ ಶೂನ್ಯ ಎಂಬುದನ್ನು ಹೇಳದೆ ಮುಂದೆ ಹೋಗಿದ್ದೆ. ಅವಳು ಕೇಳಿದ್ದು ನಾಗಾರ್ಜುನನ ಪೂರ್ವಪಕ್ಷಿ ಕೇಳಿದ ಪ್ರಶ್ನೆಯನ್ನೇ. ಅದಕ್ಕೆ ಸರಿಯಾದ ಉತ್ತರವನ್ನು ಕೊಡಬೇಕಾದರೆ ಪಾಠದ ಕ್ರಮವೇ ಬದಲಾಗಬೇಕೆಂದು ನನಗೆ ಅಂದು ಮನವರಿಕೆಯಾಯಿತು.

ನಾಗಾರ್ಜುನ ಈ ಆಕ್ಷೇಪಕ್ಕೆ ಉತ್ತರಿಸುವಾಗ ಒಂದಿಷ್ಟು ವಸ್ತುಗಳನ್ನು ಉಳಿಸಿಕೊಂಡು ರಾಜಿಗೆ ಬರುವುದಿಲ್ಲ. ಏಳನೆಯ ಕಾರಿಕೆಯಲ್ಲಿ ಅವನು ಹೇಳುವುದು, ನಿನಗೆ ಶೂನ್ಯತೆಯೂ ಗೊತ್ತಿಲ್ಲ, ಶೂನ್ಯತೆಯ ಪ್ರಯೋಜನವೂ ಗೊತ್ತಿಲ್ಲ, ಶೂನ್ಯತೆಯ ಅರ್ಥವೂ ಗೊತ್ತಿಲ್ಲ, ಆದ್ದರಿಂದಲೇ ನೀನು ಹೀಗೆ ಪೀಡಿತನಾಗಿದ್ದೀಯೆ ಎಂದು. ಪೂರ್ವಪಕ್ಷಿಯು ಶೂನ್ಯ ಎಂದರೆ ಅಭಾವ, ಏನೂ ಇಲ್ಲದಿರುವುದು ಎಂದುಕೊಂಡಿದ್ದಾನೆ. ಕನ್ನಡದಲ್ಲಿ ಕಲಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಶೂನ್ಯ ಎಂಬ ಪದ ನಮಗೆ ಮೊದಲೇ ಪರಿಚಿತ. ಗಣಿತದ ಸೊನ್ನೆಯ ಅರ್ಥದಲ್ಲಿ ಅದು ಗೊತ್ತು. ವಚನಗಳ ಶೂನ್ಯ ಮತ್ತು ಬಯಲುಗಳ ಮೂಲಕವೂ ಗೊತ್ತು. ಎರಡೂ ತಮ್ಮ ತಮ್ಮ ನೆಲೆಯಲ್ಲಿ ಅರ್ಥಪೂರ್ಣವಾದರೂ ಮಾಧ್ಯಮಕದ ಶೂನ್ಯತೆಗೆ ಅವನ್ನು ಹಾಗೆಯೇ ತಂದು ಹೊಂದಿಸಲಾಗದು. ಆದ್ದರಿಂದ ನಾನು ಈಗ ವಿದ್ಯಾರ್ಥಿಗಳನ್ನು ಮೊದಲು ಇನ್ನೊಂದು ಪ್ರಶ್ನೆಗೆ ಕರೆದೊಯ್ಯುತ್ತೇನೆ. ಕೊಡ ಬರಿದಾಗಿದೆ ಎಂದರೆ ಕೊಡವೇ ಇಲ್ಲವೆಂದಲ್ಲ, ಅದರಲ್ಲಿ ನೀರಿಲ್ಲವೆಂದು. ಹಾಗಿದ್ದರೆ ಎಲ್ಲ ಭಾವಗಳೂ, ಅಂದರೆ ಇರುವ ವಸ್ತುಗಳೆಲ್ಲವೂ, ಶೂನ್ಯ ಎಂದಾಗ ಅವುಗಳಲ್ಲಿ ಯಾವುದು ಇಲ್ಲ?

ಇಲ್ಲದಿರುವುದು ಸ್ವಭಾವ. ಈ ಪದವೂ ನಮ್ಮನ್ನು ದಾರಿ ತಪ್ಪಿಸಬಲ್ಲದು. ಒಬ್ಬರ ಸ್ವಭಾವ ಮೃದು, ಇನ್ನೊಬ್ಬರದು ಒರಟು ಎನ್ನುವಾಗ ನಾವು ಹೇಳುವುದು ಗುಣವನ್ನು. ನಾಗಾರ್ಜುನ 15ನೆಯ ಅಧ್ಯಾಯದಲ್ಲಿ ಕೊಡುವ ಲಕ್ಷಣ ಬೇರೆ: ಸ್ವಭಾವವೆಂಬುದು ಅಕೃತ್ರಿಮವಾಗಿರಬೇಕು, ಅಂದರೆ ಮಾಡಲ್ಪಟ್ಟದ್ದಾಗಿರಬಾರದು, ಮತ್ತು ಬೇರೆ ಯಾವುದರ ಅಪೇಕ್ಷೆಯೂ ಇಲ್ಲದೆ ತಾನೇ ತಾನಾಗಿರಬೇಕು. ಬೆಂಕಿಯ ಬಿಸಿ ಅದರ ಸ್ವಭಾವವಲ್ಲವೇ ಎಂದು ಯಾರಾದರೂ ಕೇಳಿದರೆ, ಏಳನೆಯ ಶತಮಾನದ ವ್ಯಾಖ್ಯಾನಕಾರ ಚಂದ್ರಕೀರ್ತಿಯ ಉತ್ತರ ಸಿದ್ಧವಿದೆ. ಆ ಬೆಂಕಿಯೇ ಅರಣಿಯನ್ನು ಮಥಿಸಿದ್ದರಿಂದಲೋ, ಸೂರ್ಯಕಿರಣವು ಮಣಿಯ ಮೂಲಕ ಸೌದೆಯ ಮೇಲೆ ಬಿದ್ದುದರಿಂದಲೋ ಉಂಟಾದದ್ದು; ಹೇತುಪ್ರತ್ಯಯಗಳ, ಅಂದರೆ ಕಾರಣಗಳ ಮತ್ತು ಸಂದರ್ಭಗಳ, ಅಪೇಕ್ಷೆ ಇರುವಲ್ಲಿ ಬಿಸಿಯನ್ನು ಈ ಕಟ್ಟುನಿಟ್ಟಾದ ಅರ್ಥದಲ್ಲಿ ಸ್ವಭಾವವೆನ್ನಲಾಗದು. ಲೋಕದ ಮಾತಿನಲ್ಲಿ ಬೆಂಕಿಯ ಸ್ವಭಾವ ಬಿಸಿ ಎನ್ನುವುದಕ್ಕೆ ಅವನ ತಕರಾರಿಲ್ಲ.

ಇಷ್ಟಾದ ಮೇಲೆ ಒಂದು ವಸ್ತುವನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸಬೇಕು. ಮಿಲಿಂದನ ಪ್ರಶ್ನೆಗಳು ಎಂಬ ಗ್ರಂಥದ ಕಾಲದಿಂದಲೂ ಬೌದ್ಧರು ರಥವನ್ನು ಬಳಸುತ್ತ ಬಂದಿದ್ದಾರೆ. ಚಂದ್ರಕೀರ್ತಿಯು ಮಧ್ಯಮಕಾವತಾರವೆಂಬ ತನ್ನ ಗ್ರಂಥದ ಆರನೆಯ ಅಧ್ಯಾಯದಲ್ಲಿ ರಥವನ್ನು ಏಳು ಬಗೆಯಾಗಿ ಹುಡುಕುತ್ತಾನೆ. ಇಂದಿನ ವಿದ್ಯಾರ್ಥಿಗಳು ರಥದ ಭಾಗಗಳನ್ನು ಬಿಚ್ಚಿ ನೋಡಿದವರಲ್ಲವಾದ್ದರಿಂದ ನಾನು ಮರದ ಏಣಿಯನ್ನು ತೆಗೆದುಕೊಳ್ಳುತ್ತೇನೆ. ಎರಡು ನೀಳವಾದ ಮರಗಳು, ಅವುಗಳ ನಡುವೆ ಎಂಟು ಮೆಟ್ಟಿಲುಗಳು. ಒಟ್ಟು ಹತ್ತು ಭಾಗಗಳೆಂದು ಇಟ್ಟುಕೊಳ್ಳೋಣ. ತಾನೇ ತಾನಾಗಿ ಏಣಿಯಾಗಿರುವಂಥದ್ದು ಇಲ್ಲಿ ಯಾವುದು?

ಏಣಿಯು ತನ್ನ ಭಾಗಗಳಿಗೆ ಅಭಿನ್ನವೇ? ಹಾಗಾದರೆ ಹತ್ತು ಭಾಗಗಳಿರುವುದರಿಂದ ಏಣಿಗಳೂ ಹತ್ತಾಗಬೇಕು, ಇಲ್ಲವೇ ಏಣಿ ಒಂದೇ ಆದ್ದರಿಂದ ಭಾಗವೂ ಒಂದೇ ಆಗಬೇಕು. ಭಾಗಗಳಿಗಿಂತ ಭಿನ್ನವೇ? ಹಾಗಾದರೆ ಹತ್ತನ್ನೂ ಒಂದೊಂದಾಗಿ ತೆಗೆದಿಟ್ಟ ಮೇಲೂ ಏಣಿ ಅಲ್ಲೇ ಕಾಣಿಸಬೇಕಿತ್ತು. ಭಾಗಗಳಲ್ಲಿ ಏಣಿ ಇದೆ ಎನ್ನುವುದೂ, ಏಣಿಯಲ್ಲಿ ಭಾಗಗಳಿವೆ ಎನ್ನುವುದೂ, ತಟ್ಟೆಯಲ್ಲಿ ಹಣ್ಣಿರುವಂತೆ ಅವೆರಡು ಬೇರೆ ಬೇರೆ ಎಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಸಾಧ್ಯ. ಆ ಭಿನ್ನತೆ ಈಗಷ್ಟೇ ಬಿದ್ದುಹೋಯಿತು. ಏಣಿಗೆ ಭಾಗಗಳಿವೆ ಎಂಬ ಒಡೆತನದ ಮಾತೂ ಇದೇ ಗತಿಯದು: ಒಬ್ಬನಿಗೆ ಹಸುವಿದೆ ಎನ್ನುವಂತೆ ಹೇಳಿದರೆ ಭಿನ್ನತೆಗೂ, ಒಬ್ಬನಿಗೆ ಮೈಯಿದೆ ಎನ್ನುವಂತೆ ಹೇಳಿದರೆ ಅಭಿನ್ನತೆಗೂ ಹಿಂದಿರುಗುತ್ತೇವೆ.

ಉಳಿದ ಎರಡು ಪಕ್ಷಗಳ ಬಳಿ ವಿದ್ಯಾರ್ಥಿಗಳು ಹೆಚ್ಚು ಹೊತ್ತು ನಿಲ್ಲುತ್ತಾರೆ, ನಿಲ್ಲಲೂ ಬೇಕು. ಭಾಗಗಳ ಸಮೂಹವೇ ಏಣಿ ಎಂದು ಒಬ್ಬರು ಹೇಳುತ್ತಾರೆ. ಆ ಹತ್ತು ಮರಗಳನ್ನು ಮೂಲೆಯಲ್ಲಿ ರಾಶಿ ಹಾಕಿದರೂ ಸಮೂಹವಿರುತ್ತದೆ, ಆದರೆ ಅದನ್ನು ಯಾರೂ ಏಣಿ ಎನ್ನುವುದಿಲ್ಲ. ಹಾಗಾದರೆ ಆಕಾರವೇ, ಜೋಡಿಸಿದ ರೀತಿಯೇ ಏಣಿ ಎಂದು ಇನ್ನೊಬ್ಬರು ತಿದ್ದುತ್ತಾರೆ; ಸಾಮಾನ್ಯವಾಗಿ ಇಲ್ಲಿಗೆ ಸಮಸ್ಯೆ ಮುಗಿಯಿತೆಂದು ತರಗತಿಗೆ ಸಮಾಧಾನವೂ ಆಗುತ್ತದೆ. ಆದರೆ ಆ ಆಕಾರ ಯಾರದು? ಒಂದೊಂದು ಭಾಗದ್ದು ಎಂದರೆ, ಮೆಟ್ಟಿಲಿನ ಆಕಾರ ರಾಶಿಯಲ್ಲಿದ್ದಾಗ ಹೇಗಿತ್ತೋ ಜೋಡಿಸಿದ ಮೇಲೂ ಹಾಗೆಯೇ ಇದೆ. ಅದು ಈಗ ಏಣಿಯಾಗಲು ಹೊಸದೇನೂ ಬಂದಿಲ್ಲ. ಸಮೂಹದ ಆಕಾರ ಎಂದರೆ, ಸಮೂಹವೆಂಬುದು ಆ ಹತ್ತು ಮರಗಳನ್ನು ಹೊರತುಪಡಿಸಿ ತನ್ನದೇ ಆದ ಇರವುಳ್ಳ ವಸ್ತುವಲ್ಲ. ಸ್ವಂತ ಇರವಿಲ್ಲದ ಒಂದನ್ನು ಆಶ್ರಯಿಸಿದ ಆಕಾರವು ತಾನೇ ತಾನಾಗಿ ಇರುವುದೆಂದು ಹೇಳಲಾಗದು. ಇದು ಚಂದ್ರಕೀರ್ತಿಯ ವಾದ. ಅದಕ್ಕೆ ನಾನು ಸೇರಿಸುವುದು ಇಷ್ಟೇ: ಆಕಾರವೇ ಏಣಿಯಾಗಿದ್ದರೆ ಗೋಡೆಯ ಮೇಲೆ ಬರೆದ ಏಣಿಯನ್ನೂ ಹತ್ತಬಹುದಾಗಿತ್ತು.

ಈ ಘಟ್ಟದಲ್ಲಿ ನಿಧಾನಿಸಬೇಕು. ಏಳು ಕಡೆಯೂ ಹುಡುಕಿ ಸಿಗದೆ ಹೋದದ್ದರಿಂದ ಏಣಿಯೇ ಇಲ್ಲ ಎಂದು ವಿದ್ಯಾರ್ಥಿಯು ತೀರ್ಮಾನಿಸಿದರೆ ಅವನು ಪೂರ್ವಪಕ್ಷಿಯ ಜಾಗಕ್ಕೇ ಬಂದು ನಿಂತಂತಾಯಿತು. ನಾವು ಹುಡುಕಲು ಹೊರಟದ್ದು ಯಾವುದರ ಹಂಗೂ ಇಲ್ಲದೆ ಏಣಿಯಾಗಿರುವ ಏಣಿಯನ್ನು, ಸಿಗಲಿಲ್ಲವಾದದ್ದೂ ಅದೇ. ಮರ, ಮೊಳೆ, ಬಡಗಿಯ ಕೈ, ಹತ್ತಬೇಕೆಂಬ ಉದ್ದೇಶ, ಏಣಿ ಎಂಬ ಹೆಸರು, ಇವೆಲ್ಲವನ್ನು ಆಶ್ರಯಿಸಿ ಏಣಿ ಎಂದು ಕರೆಸಿಕೊಳ್ಳುವುದು ಪರೀಕ್ಷೆಗೆ ಮೊದಲೂ ಅಲ್ಲಿತ್ತು, ಪರೀಕ್ಷೆಯ ಮೇಲೂ ಅಲ್ಲಿದೆ, ಅದನ್ನು ಹತ್ತಿ ಅಟ್ಟಕ್ಕೆ ಹೋಗಬಹುದು. ನಾಗಾರ್ಜುನನೇ ವಿಗ್ರಹವ್ಯಾವರ್ತನಿ ಎಂಬ ತನ್ನ ಇನ್ನೊಂದು ಗ್ರಂಥದಲ್ಲಿ ಈ ಮಾತನ್ನು ಎತ್ತುತ್ತಾನೆ. ಬಂಡಿ, ಗಡಿಗೆ, ಬಟ್ಟೆಗಳು ಪ್ರತೀತ್ಯಸಮುತ್ಪನ್ನವಾದ್ದರಿಂದ, ಅಂದರೆ ಬೇರೆಯವನ್ನು ಆಶ್ರಯಿಸಿ ಉಂಟಾದವಾದ್ದರಿಂದ, ಸ್ವಭಾವಶೂನ್ಯ. ಆದರೂ ಬಂಡಿ ಸೌದೆಯನ್ನೂ ಹುಲ್ಲನ್ನೂ ಹೊರುತ್ತದೆ, ಗಡಿಗೆ ನೀರನ್ನೂ ಹಾಲನ್ನೂ ಹಿಡಿಯುತ್ತದೆ, ಬಟ್ಟೆ ಚಳಿಯಿಂದ ಕಾಪಾಡುತ್ತದೆ. ಹಾಗೆಯೇ ನನ್ನ ಮಾತು ಸ್ವಭಾವಶೂನ್ಯವಾದರೂ ಸ್ವಭಾವವನ್ನು ನಿರಾಕರಿಸುವ ತನ್ನ ಕೆಲಸವನ್ನು ಮಾಡುತ್ತದೆ ಎಂಬುದು ಅವನ ವಾದ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅವನು ಆಕ್ಷೇಪವನ್ನೇ ತಿರುಗಿಸುತ್ತಾನೆ. ಏಣಿಗೆ ಸ್ವಭಾವವಿದ್ದಿದ್ದರೆ ಅದನ್ನು ಯಾರೂ ಮಾಡಬೇಕಾಗಿರಲಿಲ್ಲ, ಅದು ಮುರಿಯುತ್ತಲೂ ಇರಲಿಲ್ಲ, ಮುರಿದ ಮೆಟ್ಟಿಲನ್ನು ಬದಲಿಸಲೂ ಆಗುತ್ತಿರಲಿಲ್ಲ. ತಾನೇ ತಾನಾಗಿರುವುದಕ್ಕೆ ಹೊರಗಿನಿಂದ ಏನೂ ತಟ್ಟದು. ಹೀಗೆ ವ್ಯವಹಾರವನ್ನು ಕೆಡಿಸುವುದು ಸ್ವಭಾವವೇ ಹೊರತು ಶೂನ್ಯತೆಯಲ್ಲ. ಯಾರಿಗೆ ಶೂನ್ಯತೆ ಒಪ್ಪುತ್ತದೆಯೋ ಅವರಿಗೆ ಎಲ್ಲವೂ ಒಪ್ಪುತ್ತದೆ ಎಂಬ, ನಮ್ಮ ಅಧ್ಯಾಯದ 14ನೆಯ ಕಾರಿಕೆ ಇದನ್ನೇ ಹೇಳುತ್ತದೆ. ಅದರ ಮುಂದಿನ ಕಾರಿಕೆಯಲ್ಲಿ, ನಿನ್ನ ದೋಷಗಳನ್ನು ನನ್ನ ಮೇಲೆ ಹೊರಿಸುತ್ತಿರುವ ನೀನು ಕುದುರೆಯ ಮೇಲೆ ಕುಳಿತೇ ಕುದುರೆಯನ್ನು ಮರೆತಿದ್ದೀಯೆ ಎಂದು ಅವನು ಪೂರ್ವಪಕ್ಷಿಗೆ ಹೇಳುತ್ತಾನೆ.

ವಿಜ್ಞಾನ ಓದಿದ ವಿದ್ಯಾರ್ಥಿಗಳಿಂದ ಇಲ್ಲಿ ಬಹುತೇಕ ಪ್ರತಿವರ್ಷವೂ ಬರುವ ಒಂದು ಮಾತಿದೆ: ಏಣಿ ನಾವು ಇಟ್ಟ ಹೆಸರು, ನಿಜವಾಗಿ ಇರುವುದು ಮರ, ಇನ್ನೂ ನಿಜವಾಗಿ ಇರುವುದು ಅಣುಗಳು ಎಂದು. ಇದು ದಡ್ಡತನದ ಮಾತಲ್ಲ. ವಸ್ತುಗಳನ್ನು ಮೂಲ ಘಟಕಗಳಾಗಿ ಬಿಡಿಸಿ ವಿಚಾರಿಸಿದ ಬೌದ್ಧ ಅಭಿಧರ್ಮದವರೇ ಇದಕ್ಕೆ ಹತ್ತಿರವಾದ ನಿಲುವನ್ನು ಕಟ್ಟಿದ್ದರು. ವಸುಬಂಧುವಿನ ಅಭಿಧರ್ಮಕೋಶದ ಪ್ರಕಾರ, ಒಡೆದಾಗ ಅಥವಾ ಬುದ್ಧಿಯಿಂದ ಬಿಡಿಸಿ ನೋಡಿದಾಗ ಯಾವುದರ ಅರಿವು ನಿಂತುಹೋಗುತ್ತದೆಯೋ ಅದು ಸಂವೃತಿಸತ್, ಅಂದರೆ ವ್ಯವಹಾರದಲ್ಲಿ ಮಾತ್ರ ಇರುವುದು, ಗಡಿಗೆಯಂತೆ. ಎಷ್ಟು ಒಡೆದರೂ ಬಿಡಿಸಿದರೂ ಯಾವುದರ ಅರಿವು ಉಳಿಯುತ್ತದೆಯೋ ಅದು ಪರಮಾರ್ಥಸತ್, ಅಂದರೆ ನಿಜವಾಗಿ ಇರುವುದು. ಅಂದರೆ ಅಲ್ಲಿ ಎರಡು ಸತ್ಯಗಳೆಂದರೆ ಎರಡು ಬಗೆಯ ವಸ್ತುಗಳು: ಕೂಡಿಸಿದವು ಕೆಳಗೆ, ಕೂಡಿಸಲ್ಪಡದ ಮೂಲಧರ್ಮಗಳು, ಅಂದರೆ ಮೂಲ ಘಟಕಗಳು, ಮೇಲೆ. ಮಾಧ್ಯಮಕ ಈ ತಳಪಾಯವನ್ನು ಒಪ್ಪುವುದಿಲ್ಲ. ಮೆಟ್ಟಿಲನ್ನು ಆಶ್ರಯಿಸಿ ಏಣಿ ಇರುವಂತೆ, ಏಣಿಯನ್ನು ಆಶ್ರಯಿಸಿಯೇ ಆ ಮರದ ತುಂಡು ಮೆಟ್ಟಿಲಾಗಿದೆ. ಏಣಿಯಿಂದ ಕಳಚಿಟ್ಟರೆ ಅದು ಒಂದು ಕೋಲು. ಕೋಲು ಎಳೆಗಳನ್ನು, ಎಳೆಗಳು ಇನ್ನೂ ಸೂಕ್ಷ್ಮವಾದುವನ್ನು ಆಶ್ರಯಿಸಿವೆ. ಎಲ್ಲಿ ನಿಂತು ಇದು ಮಾತ್ರ ಯಾವುದರ ಹಂಗಿಲ್ಲದೆ ಇದೆ ಎಂದು ಹೇಳಿದರೂ ಅದೇ ಪರೀಕ್ಷೆ ಅಲ್ಲಿಗೂ ಬರುತ್ತದೆ. ಅಭಿಧರ್ಮದ ಈ ನಿಲುವನ್ನು ಮೊದಲು ಗೌರವದಿಂದ ಹೇಳಿ ಆಮೇಲೆ ದಾಟಬೇಕೆಂಬುದು ನನ್ನ ಅಭಿಪ್ರಾಯ. ಅದನ್ನು ಬಿಟ್ಟು ನೇರವಾಗಿ ಮಾಧ್ಯಮಕಕ್ಕೆ ಬಂದವರು ಶೂನ್ಯತೆ ಎಂದರೆ ಭಾಗಗಳಾಗಿ ಬಿಡಿಸುವುದಷ್ಟೇ ಎಂದುಕೊಂಡು, ತಳದಲ್ಲಿ ಅಣುಗಳನ್ನು ಮೆಲ್ಲಗೆ ಉಳಿಸಿಕೊಂಡುಬಿಡುತ್ತಾರೆ.

ಈಗ ಎರಡು ಸತ್ಯಗಳಿಗೆ ಬರಬಹುದು. ಬುದ್ಧರ ಧರ್ಮೋಪದೇಶವು ಲೋಕಸಂವೃತಿಸತ್ಯ ಮತ್ತು ಪರಮಾರ್ಥಸತ್ಯ ಎಂಬ ಎರಡನ್ನು ಆಶ್ರಯಿಸಿದೆ ಎಂದು ನಮ್ಮ ಅಧ್ಯಾಯದ ಎಂಟನೆಯ ಕಾರಿಕೆ ಹೇಳುತ್ತದೆ. ಸಂವೃತಿ ಎಂಬ ಪದಕ್ಕೆ ಚಂದ್ರಕೀರ್ತಿ ಮೂರು ಅರ್ಥಗಳನ್ನು ಕೊಡುತ್ತಾನೆ: ವಸ್ತುವಿನ ತತ್ತ್ವವನ್ನು ಮುಚ್ಚುವ ಅಜ್ಞಾನ, ಒಂದನ್ನೊಂದು ಆಶ್ರಯಿಸಿ ಆಗುವುದು, ಮತ್ತು ಜನರ ಸಂಕೇತ ಅಥವಾ ವ್ಯವಹಾರ. ಏಣಿಯಲ್ಲಿ ಈ ಮೂರನ್ನೂ ತೋರಿಸಬಹುದು. ಅದು ತಾನೇ ತಾನಾಗಿದೆ ಎಂದು ತೋರುವುದು ಮುಚ್ಚಿಗೆ; ಅದು ಮೆಟ್ಟಿಲುಗಳನ್ನೂ ಮೆಟ್ಟಿಲುಗಳು ಅದನ್ನೂ ಆಶ್ರಯಿಸಿರುವುದು ಪರಸ್ಪರಾಪೇಕ್ಷೆ; ಅದನ್ನು ಏಣಿ ಎಂದು ಕರೆದು ಬಳಸುವುದು ವ್ಯವಹಾರ. ಪರಮಾರ್ಥವೆಂದರೆ ಬೇರೆಲ್ಲೋ ಇರುವ ಇನ್ನೊಂದು ಏಣಿಯಲ್ಲ. ಇದೇ ಏಣಿಯ ನಿಃಸ್ವಭಾವತೆಯೇ ಪರಮಾರ್ಥ. ಎರಡು ಸತ್ಯಗಳೆಂದರೆ ಎರಡು ಲೋಕಗಳಲ್ಲ, ಮಹಡಿಯ ಮೇಲೊಂದು ಕೆಳಗೊಂದು ಇರುವ ಮನೆಯಲ್ಲ ಎಂಬುದನ್ನು ನಾನು ಬೇರೆ ಬೇರೆ ಮಾತುಗಳಲ್ಲಿ ಕನಿಷ್ಠ ಮೂರು ಸಲವಾದರೂ ಹೇಳುತ್ತೇನೆ, ಏಕೆಂದರೆ ಮೇಲೆ ಕೆಳಗೆ ಎಂಬ ಚಿತ್ರ ತಾನಾಗಿಯೇ ಮನಸ್ಸಿಗೆ ಬಂದುಬಿಡುತ್ತದೆ.

ಸಂವೃತಿ ಮುಚ್ಚಿಗೆಯಾದರೆ ಅದನ್ನು ಸತ್ಯವೆನ್ನುವುದೇಕೆ, ಹೇಗೂ ಸುಳ್ಳೇ ತಾನೆ, ಯಾರು ಏನು ಬೇಕಾದರೂ ಹೇಳಬಹುದಲ್ಲ ಎಂಬ ಪ್ರಶ್ನೆ ಮುಂದಿನದು. ಗೋಡೆಗೆ ಒರಗಿಸಿದ ಏಣಿಯ ನೆರಳು ಪಕ್ಕದಲ್ಲಿ ಬಿದ್ದಿದೆ ಎಂದು ಭಾವಿಸೋಣ. ಮಬ್ಬುಬೆಳಕಿನಲ್ಲಿ ಒಬ್ಬ ನೆರಳನ್ನೇ ಏಣಿಯೆಂದು ತಿಳಿದು ಕಾಲಿಡಲು ಹೋದರೆ ಅವನು ತಪ್ಪಿದ್ದಾನೆ. ಅದು ತಪ್ಪೆಂದು ಹೇಳಲು ಪರಮಾರ್ಥದ ವಿಚಾರವೇ ಬೇಕಿಲ್ಲ. ಬೆಳಕು ತಂದರೆ ಸಾಕು, ಕೆಡದ ಕಣ್ಣುಳ್ಳ ಯಾರಿಗಾದರೂ ಗೊತ್ತಾಗುತ್ತದೆ. ನೆರಳೂ ಶೂನ್ಯ, ಏಣಿಯೂ ಶೂನ್ಯ, ಆದರೂ ಹತ್ತಲು ಬರುವುದು ಏಣಿ ಮಾತ್ರ. ಮಾಧ್ಯಮಕರು ಲೋಕದ ದೃಷ್ಟಿಯಿಂದಲೇ ತಥ್ಯ ಮತ್ತು ಮಿಥ್ಯ ಸಂವೃತಿಗಳೆಂಬ ಈ ಭೇದವನ್ನು ಉಳಿಸಿಕೊಂಡರು. ಆ ತಥ್ಯಕ್ಕೆ ವ್ಯವಹಾರದ ಮಟ್ಟದಲ್ಲಾದರೂ ಸ್ವಲಕ್ಷಣದ, ಅಂದರೆ ವಸ್ತುವಿನ ತನ್ನದೇ ಲಕ್ಷಣದ, ಆಧಾರವಿದೆಯೇ ಎಂಬಲ್ಲಿ ಮಾಧ್ಯಮಕದ ಇನ್ನೊಬ್ಬ ಆಚಾರ್ಯ ಭಾವವಿವೇಕ ಮತ್ತು ಚಂದ್ರಕೀರ್ತಿಯರ ಪರಂಪರೆಗಳನ್ನು ಓದಿದ ಟಿಬೆಟ್ಟಿನ ಪಂಡಿತರು ದೀರ್ಘವಾಗಿ ಚರ್ಚಿಸಿದ್ದಾರೆ. ಅದನ್ನು ಮೊದಲ ಪಾಠದಲ್ಲಿ ತರಬಾರದು.

ಅದ್ವೈತವನ್ನು ಸ್ವಲ್ಪವಾದರೂ ಬಲ್ಲವರಿಗೆ ಪರಮಾರ್ಥ, ವ್ಯವಹಾರ ಎಂಬ ಪದಗಳು ಕಿವಿಗೆ ಬಿದ್ದೊಡನೆ ಹಗ್ಗ ಮತ್ತು ಹಾವಿನ ದೃಷ್ಟಾಂತ ನೆನಪಾಗುತ್ತದೆ. ಪದಗಳ ಸಾಮ್ಯ ನಿಜ; ಆದರೆ ಅಲ್ಲಿ ಹಾವು ಬಾಧಿತವಾದ ಮೇಲೆ, ಅಂದರೆ ಸುಳ್ಳೆಂದು ತಿಳಿದ ಮೇಲೆ, ಅದಕ್ಕೆ ಅಧಿಷ್ಠಾನವಾದ, ಆಧಾರವಾಗಿದ್ದ ಹಗ್ಗ ಉಳಿಯುತ್ತದೆ, ಜಗತ್ತು ಬಾಧಿತವಾದ ಮೇಲೆ ಬ್ರಹ್ಮ ಉಳಿಯುತ್ತದೆ. ಮಾಧ್ಯಮಕದಲ್ಲಿ ಏಣಿಯ ಸ್ವಭಾವವನ್ನು ನಿರಾಕರಿಸಿದ ಮೇಲೆ ಅಡಿಯಲ್ಲಿ ಉಳಿಯುವ ಅಧಿಷ್ಠಾನವೊಂದನ್ನು ಹೇಳುವುದಿಲ್ಲ. ಯಾವುದು ಸರಿ ಎಂದು ತೀರ್ಮಾನಿಸುವ ಮೊದಲು ಈ ವ್ಯತ್ಯಾಸವನ್ನು ಇದ್ದಂತೆಯೇ ಕಾಣಬೇಕೆಂದು ನಾನು ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ. ಇದನ್ನು ಬೆರೆಸಿದವರು ಶೂನ್ಯತೆಯನ್ನೇ ಬ್ರಹ್ಮದ ಸ್ಥಾನದಲ್ಲಿ ಕೂರಿಸಿ, ಎಲ್ಲವೂ ಶೂನ್ಯದಿಂದ ಹುಟ್ಟಿ ಶೂನ್ಯದಲ್ಲಿ ಸೇರುತ್ತದೆ ಎಂದು ಬರೆಯುತ್ತಾರೆ. ಉತ್ತರಪತ್ರಿಕೆಯಲ್ಲಿ ಈ ವಾಕ್ಯ ಕಂಡರೆ ಪಾಠ ಎಲ್ಲಿ ಜಾರಿತೆಂದು ನನಗೆ ತಿಳಿಯುತ್ತದೆ.

ಹಾಗೆ ಜಾರದಂತೆ ನಾಗಾರ್ಜುನನೇ ಕಾವಲಿಟ್ಟಿದ್ದಾನೆ. 18ನೆಯ ಕಾರಿಕೆಯನ್ನು ನಾನು ಸಂಸ್ಕೃತದಲ್ಲಿಯೇ ಹಲಗೆಯ ಮೇಲೆ ಬರೆಯುತ್ತೇನೆ: "ಯಃ ಪ್ರತೀತ್ಯಸಮುತ್ಪಾದಃ ಶೂನ್ಯತಾಂ ತಾಂ ಪ್ರಚಕ್ಷ್ಮಹೇ, ಸಾ ಪ್ರಜ್ಞಪ್ತಿರುಪಾದಾಯ ಪ್ರತಿಪತ್ ಸೈವ ಮಧ್ಯಮಾ." ಯಾವುದು ಪ್ರತೀತ್ಯಸಮುತ್ಪಾದವೋ ಅದನ್ನೇ ನಾವು ಶೂನ್ಯತೆ ಎನ್ನುತ್ತೇವೆ, ಅದು ಒಂದನ್ನು ಆಶ್ರಯಿಸಿ ಇಟ್ಟ ಹೆಸರು, ಅದೇ ಮಧ್ಯಮಮಾರ್ಗ. ಮೂರನೆಯ ಪಾದದ ಮೇಲೆ ಬೆರಳಿಟ್ಟು ಓದಬೇಕು. ಏಣಿ ಭಾಗಗಳನ್ನು ಆಶ್ರಯಿಸಿರುವಂತೆ ಏಣಿಯ ಶೂನ್ಯತೆಯು ಏಣಿಯನ್ನು ಆಶ್ರಯಿಸಿದೆ. ಏಣಿ ಇಲ್ಲದಿದ್ದರೆ ಅದರ ಶೂನ್ಯತೆಯೂ ಇಲ್ಲ. ಆದ್ದರಿಂದ ಶೂನ್ಯತೆಯೂ ಸ್ವಭಾವಶೂನ್ಯ; ಹುಡುಕಾಟದ ಕೊನೆಗೆ ಸಿಕ್ಕಿದ ನಿಧಿಯೆಂದು ಅದನ್ನು ಹಿಡಿಯಲು ಬರುವುದಿಲ್ಲ. ಶೂನ್ಯತೆಯನ್ನೇ ದೃಷ್ಟಿಯಾಗಿ ಹಿಡಿದವರು ಅಸಾಧ್ಯರು, ಅಂದರೆ ಚಿಕಿತ್ಸೆಗೆ ಸಿಗದವರು ಎಂದು 13ನೆಯ ಅಧ್ಯಾಯದ ಕೊನೆಯಲ್ಲಿ ಬರುತ್ತದೆ. ಅದನ್ನು ವಿವರಿಸುತ್ತ ಚಂದ್ರಕೀರ್ತಿ ಒಬ್ಬ ಗಿರಾಕಿಯ ಮಾತನ್ನು ಹೇಳುತ್ತಾನೆ. ನಿನಗೆ ಕೊಡಲು ನನ್ನ ಬಳಿ ಯಾವ ಸರಕೂ ಇಲ್ಲ ಎಂದು ವ್ಯಾಪಾರಿ ಹೇಳಿದರೆ, ಹಾಗಾದರೆ ಆ 'ಯಾವ ಸರಕೂ ಇಲ್ಲ' ಎಂಬ ಸರಕನ್ನೇ ಕೊಡು ಎಂದು ಗಿರಾಕಿ ಕೇಳಿದನಂತೆ. ಅವನಿಗೆ ಇಲ್ಲ ಎಂಬುದನ್ನು ಹೇಗೆ ತಿಳಿಸುವುದು ಎಂಬುದು ಚಂದ್ರಕೀರ್ತಿಯ ಪ್ರಶ್ನೆ. ನಮ್ಮ ಅಧ್ಯಾಯದ 11ನೆಯ ಕಾರಿಕೆಯಲ್ಲಿರುವ, ತಪ್ಪಾಗಿ ಹಿಡಿದ ಹಾವಿನಂತೆ ತಪ್ಪಾಗಿ ಕಂಡ ಶೂನ್ಯತೆಯು ಮಂದಬುದ್ಧಿಯವನನ್ನು ನಾಶಮಾಡುತ್ತದೆ ಎಂಬ ಎಚ್ಚರಿಕೆಯನ್ನು ಈ ಎರಡರ ಜೊತೆಗಿಟ್ಟು ಓದಿದರೆ ಅದರ ತೀವ್ರತೆ ಅರ್ಥವಾಗುತ್ತದೆ.

ವಿದ್ಯಾರ್ಥಿಗೆ ಪಾಠ ಹಿಡಿಸಿದೆಯೇ ಎಂದು ತಿಳಿಯಲು ನಾನು ಅವನ ವಾಕ್ಯಗಳಲ್ಲಿ 'ಕೇವಲ' ಎಂಬ ಪದವನ್ನು ಗಮನಿಸುತ್ತೇನೆ. ಏಣಿ ಕೇವಲ ವ್ಯವಹಾರಸತ್ಯ ಎಂದು ಅವನು ಹೇಳುತ್ತಿರುವವರೆಗೆ, ಕೇವಲವಲ್ಲದ ಇನ್ನೊಂದು ಎಲ್ಲೋ ಇದೆ ಎಂಬ ನಿರೀಕ್ಷೆ ಅವನಲ್ಲಿ ಉಳಿದಿದೆ. ಆಗ 10ನೆಯ ಕಾರಿಕೆಗೆ ಹಿಂದಿರುಗುತ್ತೇವೆ: ವ್ಯವಹಾರವನ್ನು ಆಶ್ರಯಿಸದೆ ಪರಮಾರ್ಥವನ್ನು ಉಪದೇಶಿಸಲಾಗದು, ಪರಮಾರ್ಥವನ್ನು ತಿಳಿಯದೆ ನಿರ್ವಾಣವನ್ನು ಪಡೆಯಲಾಗದು. ಏಣಿಯನ್ನು ಆಶ್ರಯಿಸಿಯೇ ಅದರ ಶೂನ್ಯತೆಯನ್ನು ಹೇಳಿದೆವಲ್ಲ, ಏಣಿಯನ್ನು ಮೊದಲೇ ತಳ್ಳಿಹಾಕಿದ್ದರೆ ಯಾವುದರ ಶೂನ್ಯತೆಯನ್ನು ಹೇಳುತ್ತಿದ್ದೆವು ಎಂದು ಕೇಳಿದಾಗ ಆ ಪದ ಮೆಲ್ಲಗೆ ಬಿಟ್ಟುಹೋಗುತ್ತದೆ.

ಆ ವಿದ್ಯಾರ್ಥಿನಿಗೆ ನಾನು ಮುಂದಿನ ವಾರ ಇದೇ ಅಧ್ಯಾಯವನ್ನು ಜೊತೆಯಲ್ಲಿ ಕುಳಿತು ಓದಿಸಿದೆ. ದುಃಖಕ್ಕೆ ಸ್ವಭಾವವಿದ್ದರೆ ಅದು ಹುಟ್ಟಿದ್ದಾಗಿರಲು ಆಗದು, ಅದಕ್ಕೆ ಸಮುದಯವೂ, ಅಂದರೆ ಕಾರಣವೂ, ಇರದು, ನಿರೋಧವೂ ಆಗದು ಎಂದು 20ನೆಯ ಕಾರಿಕೆಯಿಂದ ಮುಂದಕ್ಕೆ ನಾಗಾರ್ಜುನ ಒಂದೊಂದಾಗಿ ತೋರಿಸುತ್ತ ಹೋಗುತ್ತಾನೆ. ಅವಳ ದುಃಖ ತಾಯಿಯನ್ನು, ತಾಯಿಯೊಡನೆ ಕಳೆದ ವರ್ಷಗಳನ್ನು, ಒಂದು ದಿನದ ಸುದ್ದಿಯನ್ನು ಆಶ್ರಯಿಸಿ ಬಂದದ್ದು. ಹಾಗೆ ಬಂದದ್ದರಿಂದಲೇ ಅದು ಶೂನ್ಯ, ಹಾಗೆ ಬಂದದ್ದರಿಂದಲೇ ಅದು ದುಃಖವೆಂಬುದು ಸುಳ್ಳಲ್ಲ. ಅಧ್ಯಾಯದ ಕೊನೆಯ, 40ನೆಯ ಕಾರಿಕೆಯನ್ನು ಅವಳೇ ಗಟ್ಟಿಯಾಗಿ ಓದಿದಳು: ಪ್ರತೀತ್ಯಸಮುತ್ಪಾದವನ್ನು ಯಾರು ಕಾಣುತ್ತಾರೋ ಅವರು ದುಃಖವನ್ನೂ, ಸಮುದಯವನ್ನೂ, ನಿರೋಧವನ್ನೂ, ಮಾರ್ಗವನ್ನೂ ಕಾಣುತ್ತಾರೆ. ಪಟ್ಟಿಯಲ್ಲಿ ದುಃಖವೇ ಮೊದಲಿದೆಯಲ್ಲ ಸರ್, ಅದನ್ನೂ ಕಾಣಬೇಕು ಎಂದಿದೆಯಲ್ಲ ಎಂದು ಅವಳು ಕೇಳಿದಳು. ಹೌದಮ್ಮ, ಹಾಗೆಯೇ ಇದೆ ಎಂದೆ.